ಟವರ್ ಗುಂಡಿ ಮುಚ್ಚೋದಕ್ಕೆ ಮುಂಚೆ ಆ ರಿಪೋರ್ಟು ನಮ್ಮ ಕಣ್ಣ ಮುಂದೆ ಬರೀಬೇಕು

ಹೋದ ವಾರ ಕೆಳಗಿನ ಹಳ್ಳಿ ಹೊಲಗಳಲ್ಲಿ ಸರ್ವೆಯವರು ಬಂದು ಗೂಟ ಹೊಡೆದು ಹೋಗಿದ್ದಾರೆ. ಕೆಂಪು ಬಣ್ಣ ಬಳಿದ ಗೂಟ, ಬದುವಿನ ಮೇಲೆ ಒಂದು, ನಡು ಹೊಲದಲ್ಲಿ ಒಂದು. ಅವತ್ತಿಂದ ನನಗೆ ಫೋನ್ ಮೇಲೆ ಫೋನು. ಎಲ್ಲರದ್ದೂ ಒಂದೇ ಪ್ರಶ್ನೆ, "ನಿಮಗೆ ಟವರಿಗೆ ಎಷ್ಟು ಕೊಟ್ಟರು?" ಪರಿಹಾರದ ವಿಷಯ ಬೇಡ ಅನ್ನಲ್ಲ, ಅದರ ಬಗ್ಗೆ ಹಿಂದೆ ಎರಡು ಸಲ ಬರೆದಿದ್ದೀನಿ. ಆದರೆ ಒಬ್ಬರೂ ಕೇಳದೇ ಇರೋ ಪ್ರಶ್ನೆ ಒಂದಿದೆ. ಆ ಟವರಿನ ನಾಲ್ಕು ಕಾಲು ನಿಮ್ಮ ಹೊಲದಲ್ಲಿ ಹೆಂಗೆ ನಿಂತಿದಾವೆ, ಅದನ್ನ ಯಾರು ನೋಡಿದರು, ನೋಡಿ ಎಲ್ಲಿ ಬರೆದರು?

ಬರೆಯೋದಕ್ಕೆ ಒಂದು ರಿಪೋರ್ಟ್ ಇರ್ತದೆ. ಪಾಯದ ತಪಾಸಣೆ ರಿಪೋರ್ಟು. ಪ್ರತಿ ಟವರಿಗೂ ಒಂದೊಂದು, ನಾಲ್ಕೈದು ಹಾಳೆ. ಗುಂಡಿ ಅಗೆದಾಗ ನೋಡಿದ್ದು, ಕಾಂಕ್ರೀಟ್ ಪರೀಕ್ಷೆ, ಆಮೇಲೆ ಸ್ಟಬ್ ಅಂತ ಕರೆಯೋ ಕಬ್ಬಿಣದ ಕಾಲು ಸರಿಯಾಗಿ ಕೂತಿದೆಯಾ ಅನ್ನೋ ಅಳತೆ, ಮೂರೂ ಅದರಲ್ಲಿ ಇರಬೇಕು. ನನ್ನ ಹೊಲದ ಟವರಿನ ರಿಪೋರ್ಟು ನನ್ನ ಕೈಗೆ ಬಂದಿದ್ದು ಟವರು ಎದ್ದು ನಿಲ್ಲೋ ಹೊತ್ತಿಗೆ. ಓದಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಈ ರಿಪೋರ್ಟನ್ನ ಆಫೀಸಿನಲ್ಲಿ ಕೂತು ಬರೆಯೋಕೆ ಬಿಡಬಾರದು. ಗುಂಡಿ ಬಾಯಿ ತೆರೆದಿರುವಾಗಲೇ, ಹೊಲದವನ ಎದುರಿಗೆ ಬರೆದು, ಅವನ ಸಹಿ ಹಾಕಿಸಿ, ಒಂದು ನಕಲು ಅವನಿಗೆ ಕೊಡಬೇಕು. ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಉದ್ದ ಆಗ್ತದೆ, ಸಂಜೆ ಕೂತು ಓದಿ.

ಮೊದಲು ಒಂದು ತಪ್ಪು ತಿಳುವಳಿಕೆ. ನಾನೂ ಹಂಗೇ ಅಂದ್ಕೊಂಡಿದ್ದೆ. ಟವರ್ ಅಂದರೆ ಟನ್‌ಗಟ್ಟಲೆ ಕಬ್ಬಿಣ, ಅದು ಭೂಮಿಗೆ ಕುಸಿಯದೇ ಇರಲಿ ಅಂತ ಪಾಯ ಹಾಕ್ತಾರೆ ಅಂತ. ನಿಜ ಏನಂದರೆ ಟವರಿಗೆ ಕುಸಿಯೋ ಭಯಕ್ಕಿಂತ ಕಿತ್ತುಕೊಂಡು ಮೇಲೆ ಬರೋ ಭಯ ಜಾಸ್ತಿ. ಜೋರು ಗಾಳಿ ಒಂದು ಪಕ್ಕದಿಂದ ತಂತಿಗೂ ಟವರಿಗೂ ಹೊಡೆದಾಗ ಗಾಳಿಯ ಆ ಕಡೆಯ ಎರಡು ಕಾಲು ಭೂಮಿಗೆ ಒತ್ತುತ್ತವೆ, ಈ ಕಡೆಯ ಎರಡು ಕಾಲು ಮೇಲಕ್ಕೆ ಎಳೀತವೆ. ಲೈನು ತಿರುಗೋ ಮೂಲೆಯ ಟವರಿನಲ್ಲಂತೂ ತಂತಿಯೇ ಒಂದು ಕಡೆಗೆ ಎಳೀತಾ ಇರ್ತದೆ. ಬಿರುಗಾಳಿಗೆ ತೆಂಗಿನ ಮರ ಬಿದ್ದಾಗ ಬುಡ ನೋಡಿದ್ದೀರಲ್ಲ, ಬೇರಿನ ಜೊತೆ ಒಂದು ದೊಡ್ಡ ಮಣ್ಣಿನ ಹೆಂಟೆಯನ್ನೇ ಎತ್ತಿಕೊಂಡು ಬಂದಿರ್ತದೆ. ಟವರಿನ ಪಾಯವೂ ಅದೇ ಲೆಕ್ಕ. ಕೆಳಗಡೆ ಅಗಲವಾದ ಕಾಂಕ್ರೀಟ್ ಹಾಸು, ಅದರ ಮೇಲೆ ಕಂಬದ ಥರ ಚಿಮಣಿ. ಮೇಲಕ್ಕೆ ಎಳೆದಾಗ ಆ ಹಾಸಿನ ಮೇಲೆ ಕೂತಿರೋ ಮಣ್ಣಿನ ಭಾರವೇ ಅದನ್ನ ಹಿಡಿದು ನಿಲ್ಲಿಸಬೇಕು.

ಎಷ್ಟು ಮಣ್ಣು ಅನ್ನೋದು ಮಣ್ಣಿನ ಜಾತಿ ಮೇಲೆ ಹೋಗ್ತದೆ. ಇಲ್ಲೇ ರೈತನ ಮಾತಿಗೆ ಬೆಲೆ ಇರೋದು. ಗಟ್ಟಿ ಒಣ ಮಣ್ಣಾದರೆ ಹಾಸಿನ ಅಂಚಿನಿಂದ ಮೇಲಕ್ಕೆ 30 ಡಿಗ್ರಿ ಓರೆಯಾಗಿ ಅಗಲಿಸಿಕೊಂಡು ಹೋಗೋ ಮಣ್ಣಷ್ಟೂ ಜೊತೆಗೆ ಹಿಡೀತದೆ ಅಂತ ಲೆಕ್ಕ ಹಾಕ್ತಾರೆ. ತೇವದ ಮಣ್ಣಿಗೆ 15 ಡಿಗ್ರಿ. ನಮ್ಮ ಎರೆ ಮಣ್ಣಿಗೆ ಸೊನ್ನೆ. ಅಂದರೆ ಹಾಸಿನ ನೆತ್ತಿಯ ಮೇಲೆ ನೇರವಾಗಿ ಇರೋ ಮಣ್ಣು ಮಾತ್ರ, ಪಕ್ಕದ್ದು ನಂಬೋ ಹಾಗಿಲ್ಲ. ಯಾಕಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೇಸಿಗೇಲಿ ಎರೆ ಹೊಲದಲ್ಲಿ ಕೈ ಇಳಿಯೋಷ್ಟು ಬಿರುಕು ಬಿಡ್ತದೆ, ಮಳೆಗೆ ಊದಿಕೊಳ್ತದೆ. ಚಿಮಣಿ ಪಕ್ಕದಿಂದ ಮಣ್ಣೇ ಬಿಟ್ಟುಕೊಂಡು ನಿಂತಿರ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಹಾಸು 2 ಮೀಟರ್ ಚೌಕ, ಆಳ 3 ಮೀಟರ್ ಅಂತ ಇಟ್ಟುಕೊಳ್ಳಿ. 30 ಡಿಗ್ರಿ ಲೆಕ್ಕದಲ್ಲಿ ಹಿಡಿದು ನಿಲ್ಲಿಸೋ ಮಣ್ಣು ಸುಮಾರು 45 ಘನ ಮೀಟರ್. 15 ಡಿಗ್ರಿಯಾದರೆ 24. ಎರೆಯ ಸೊನ್ನೆ ಲೆಕ್ಕದಲ್ಲಿ ಬರೀ 12. ಒಂದು ಟ್ರಾಲಿಗೆ 3 ಘನ ಮೀಟರ್ ಹಿಡಿದರೆ, ಒಂದು ಕಡೆ 15 ಟ್ರಾಲಿ ಮಣ್ಣು ಕಾಲನ್ನ ಅದುಮಿ ಹಿಡಿದಿದೆ, ಇನ್ನೊಂದು ಕಡೆ 4 ಟ್ರಾಲಿ. ಅದಕ್ಕೇ ಎರೆ ಭೂಮಿಗೆ ಬೇರೆ ಡ್ರಾಯಿಂಗು, ಹಾಸು ಇನ್ನೂ ಅಗಲ, ಕಾಂಕ್ರೀಟ್ ಜಾಸ್ತಿ, ಖರ್ಚೂ ಜಾಸ್ತಿ. ಎರೆ ಹೊಲದಲ್ಲಿ ನಿಂತುಕೊಂಡು ರಿಪೋರ್ಟಿನಲ್ಲಿ "ಒಣ ಸಾಮಾನ್ಯ ಮಣ್ಣು" ಅಂತ ಬರೆದರೆ ಏನಾಗ್ತದೆ ನೀವೇ ನೋಡಿ. 15 ಟ್ರಾಲಿ ಇದೆ ಅಂತ ನಂಬಿಕೊಂಡು 4 ಟ್ರಾಲಿ ಮೇಲೆ ಟವರ್ ನಿಲ್ಲಿಸಿದ ಹಾಗೆ.

ನನ್ನ ಹೊಲದಲ್ಲಿ ಆಗಿದ್ದೂ ಇದೇ. ಮೇಲಿನ ಎರಡು ಗುಂಡಿ, ಅವರ ಭಾಷೇಲಿ ಎ ಮತ್ತು ಬಿ, ಮೂರು ಅಡಿಗೆಲ್ಲ ಗರಸು ಸಿಕ್ಕಿತು. ಕೆಳಗಿನ ಸಿ, ಡಿ ಎರಡೂ ಎಂಟು ಅಡಿವರೆಗೆ ಅಪ್ಪಟ ಎರೆ, ನಡುನಡುವೆ ಸುಣ್ಣದ ಹರಳು. ಪರೀಕ್ಷೆ ಗುಂಡಿ ಅಂತ ಮೊದಲು ತೋಡಿದ್ದು ನನ್ನ ಹೊಲದಲ್ಲಿ ಅಲ್ಲವೇ ಅಲ್ಲ, ಬದುವಿನ ಆಚೆ ಮಾವನ ಮಸಾರಿ ಹೊಲದಲ್ಲಿ. ಅದೇ ಫಲಿತಾಂಶವನ್ನ ಇಲ್ಲಿಗೂ ಬರೆದಿದ್ದರು. ಸೈಟಿನ ಹುಡುಗ ಎಂಜಿನಿಯರಿಗೆ ಹೇಳಿದೆ, "ಸಾರ್, ಈ ಎರಡು ಗುಂಡಿ ಎರೆ ಐತೆ, ಡ್ರಾಯಿಂಗ್ ಬೇರೆ ಬರಬೇಕಲ್ವಾ?" ಅವರು, "ಯಜಮಾನ್ರೇ, ಕಪ್ಪಗಿರೋದೆಲ್ಲ ಎರೆ ಅಲ್ಲ" ಅಂದರು. ಮಾತು ಸರಿಯೇ. ಕಪ್ಪು ಬಣ್ಣ ಇಲ್ಲದೇ ಊದೋ ಮಣ್ಣೂ ಇದೆ, ಕಪ್ಪಗಿದ್ದು ಊದದ ಮಣ್ಣೂ ಇದೆ. ಅದಕ್ಕೆ ಬಣ್ಣ ನೋಡಬೇಡಿ, ಊದಿಸಿ ನೋಡಿ ಅಂದೆ.

ಊದಿಸಿ ನೋಡೋ ಪರೀಕ್ಷೆ ಕಷ್ಟದ್ದಲ್ಲ. ಒಣಗಿಸಿ ಪುಡಿ ಮಾಡಿ ಸಣ್ಣ ಜರಡಿ ಹಿಡಿದ ಮಣ್ಣು, 10 ಗ್ರಾಂ ಒಂದು ಅಳತೆ ಜಾಡಿಗೆ, 10 ಗ್ರಾಂ ಇನ್ನೊಂದಕ್ಕೆ. ಒಂದರಲ್ಲಿ ನೀರು, ಒಂದರಲ್ಲಿ ಸೀಮೆಎಣ್ಣೆ. ಸೀಮೆಎಣ್ಣೆಗೆ ಮಣ್ಣು ಊದಲ್ಲ, ನೀರಿಗೆ ಊದ್ತದೆ. ಒಂದು ದಿನ ಬಿಟ್ಟು ಎರಡರಲ್ಲೂ ತಳದಲ್ಲಿ ಕೂತ ಮಣ್ಣಿನ ಮಟ್ಟ ಓದಿಕೊಳ್ಳೋದು. ಹೈಸ್ಕೂಲಿನ ವಿಜ್ಞಾನ ಮೇಷ್ಟ್ರ ಹತ್ತಿರ ಎರಡು ಜಾಡಿ ಇಸ್ಕೊಂಡು ಬಂದೆ. (ಜಾಡಿ ಸಿಕ್ಕಿತು, ಸೀಮೆಎಣ್ಣೆ ಹುಡುಕೋದಕ್ಕೆ ಎರಡು ದಿನ ಆಯಿತು. ರೇಶನ್ನಿನಲ್ಲಿ ಕ್ಯಾನ್ ಹಿಡಿದು ಸಾಲು ನಿಲ್ತಿದ್ದ ಕಾಲ ನೆನಪಾಯಿತು.) ಸಿ ಗುಂಡಿಯ ಮಣ್ಣು ಸೀಮೆಎಣ್ಣೇಲಿ 11 ಮಿಲಿ ಹತ್ತಿರ ನಿಂತಿತು, ನೀರಲ್ಲಿ 19ಕ್ಕೆ ಏರಿತು. 8 ಹೆಚ್ಚು, 11ಕ್ಕೆ 8 ಅಂದರೆ ನೂರಕ್ಕೆ 73. ಐವತ್ತು ದಾಟಿದರೇ ಊದೋ ಮಣ್ಣು ಅಂತ ಎಚ್ಚರಿಕೆ ಬೇಕು. ಮನೆ ಪರೀಕ್ಷೆ ಅಂತ ಅವರು ಇದನ್ನ ಒಪ್ಪಲಿಲ್ಲ, ಒಪ್ಪಬೇಕು ಅಂತಲೂ ನಾನು ಹೇಳಲಿಲ್ಲ. ಆದರೆ ಇದನ್ನ ಕಾಗದದಲ್ಲಿ ಬರೆದು ಕೊಟ್ಟ ಮೇಲೆ ಮೇಲಿನ ಎಂಜಿನಿಯರ್ ಬಂದರು, ಅವರೇ ಗುಂಡಿಗಿಳಿದು ಮಣ್ಣು ತೆಗೆದುಕೊಂಡು ಹೋದರು. ಎಂಟು ದಿನಕ್ಕೆ ಸಿ, ಡಿ ಎರಡೂ ಗುಂಡಿ ಅಗಲ ಮಾಡಿ ಎರೆ ಡ್ರಾಯಿಂಗಿಗೆ ಬದಲಾಯಿಸಿದರು. ಅವರಿಗೆ ಧನ್ಯವಾದ ಹೇಳ್ಲೇಬೇಕು, ದೊಡ್ಡ ಮನಸ್ಸು ಮಾಡಿದರು. ಅದೇ ಗುಂಡಿ ಮುಚ್ಚಿ ಹೋಗಿದ್ದರೆ ಅವರು ಬಂದೂ ಏನೂ ನೋಡೋಕೆ ಆಗ್ತಿರಲಿಲ್ಲ.

ಆಳದ ವಿಷಯ. ರಿಪೋರ್ಟಿನಲ್ಲಿ ನಾಲ್ಕೂ ಕಾಲಿಗೆ 3.00 ಮೀಟರ್ ಅಂತ ಇತ್ತು. ಇಳಿಜಾರು ಹೊಲದಲ್ಲಿ ನಾಲ್ಕೂ ಗುಂಡಿ ಒಂದು ಸೆಂಟಿಮೀಟರೂ ಹೆಚ್ಚುಕಮ್ಮಿ ಇಲ್ಲದೆ ಹೆಂಗೆ ಬರ್ತವೆ? ಗುಂಡಿ ಅಗೆದ ಮಣ್ಣನ್ನ ಅಂಚಿಗೇ ಹಾಕಿರ್ತಾರೆ, ಒಂದಡಿ ಗುಡ್ಡೆ ಆಗಿರ್ತದೆ. ಟೇಪಿನ ತುದಿಯನ್ನ ಆ ಗುಡ್ಡೆ ಮೇಲೆ ಹಿಡಿದರೆ 3 ಮೀಟರ್ ಬರ್ತದೆ, ನಿಜವಾದ ನೆಲದಿಂದ ಹಿಡಿದರೆ ಬರಲ್ಲ. ನಾನು ಗುಂಡಿಯಿಂದ ದೂರಕ್ಕೆ, ಮಣ್ಣು ಬೀಳದ ನೆಲದಲ್ಲಿ ಎರಡು ಗೂಟ ಹೊಡೆದು, ಗುಂಡಿ ಮೇಲೆ ದಾರ ಬಿಗಿದು, ದಾರದಿಂದ ತಳಕ್ಕೆ ಟೇಪು ಬಿಟ್ಟೆ. ಸಿ ಗುಂಡಿ 2 ಮೀಟರ್ 70 ಸೆಂಟಿಮೀಟರ್. ಒಂದು ಗೇಣಿಗಿಂತ ಜಾಸ್ತಿ ಕಡಿಮೆ. ತೋರಿಸಿದ ಮೇಲೆ ಮರುಮಾತಿಲ್ಲದೆ ಅಗೆದರು. ಇನ್ನೊಂದು ಮಾತು, ಬಿ ಗುಂಡಿ ಜೆಸಿಬಿಯವನು ಜಾಸ್ತಿ ತೋಡಿಬಿಟ್ಟಿದ್ದ. ಹೆಚ್ಚಾದ ಆಳಕ್ಕೆ ಮಣ್ಣು ತುಂಬಿ ಸಮ ಮಾಡೋ ಹಾಗಿಲ್ಲ, ಬಡ ಕಾಂಕ್ರೀಟೇ ಹಾಕಬೇಕು. ತುಂಬಿದ ಮಣ್ಣು ಎಷ್ಟು ತುಳಿದರೂ ಮೊದಲಿನ ನೆಲ ಆಗಲ್ಲ, ಅದು ಹೊಲ ಉಳೋರಿಗೆಲ್ಲ ಗೊತ್ತು.

ಈಗ ಕಾಂಕ್ರೀಟು. ಇದರಲ್ಲಿ ನನಗೆ ಸಿಮೆಂಟಿಗಿಂತ ನೀರಿನ ಮೇಲೆ ಕಣ್ಣು. ಪಾಯಕ್ಕೆ ಎಂ-20 ಅಂತ ಹಾಕ್ತಾರೆ, ಹಳೇ ಲೆಕ್ಕದಲ್ಲಿ ಒಂದಕ್ಕೆ ಒಂದೂವರೆ ಮರಳು, ಮೂರು ಜಲ್ಲಿ. 50 ಕಿಲೋ ಮೂಟೆ ಸಿಮೆಂಟು 35 ಲೀಟರ್ ಡಬ್ಬಕ್ಕೆ ಸಮ, ಆ ಡಬ್ಬದಲ್ಲೇ ಮರಳು ಒಂದೂವರೆ, ಜಲ್ಲಿ ಮೂರು. ಈ ಅನುಪಾತದ ಎಂ-20ಗೆ ಒಂದು ಮೂಟೆಗೆ ನೀರು 30 ಲೀಟರ್ ಮೀರಬಾರದು, ಇದು ಐಎಸ್ 456 ಅನ್ನೋ ಸರ್ಕಾರಿ ಪುಸ್ತಕದಲ್ಲೇ ಇದೆ. ನಮ್ಮ ಮನೇಲಿರೋ 15 ಲೀಟರ್ ಬಕೆಟ್ಟಿನಲ್ಲಿ ಎರಡು ಬಕೆಟ್ಟು, ಅಷ್ಟೇ. ಮರಳು ಒದ್ದೆ ಇದ್ದರೆ ಅದಕ್ಕಿಂತಲೂ ಕಡಿಮೆ.

ನಾನು ಕೂತು ನೋಡಿದ ಮೊದಲ ದಿನ ಎ, ಬಿ ಕಾಲಿಗೆ ಬಕೆಟ್ಟಿನಲ್ಲೇ ಹಾಕಿದರು, ಮೇಲಿನವರು ನಿಂತಿದ್ದರು. ಎರಡನೇ ದಿನ ಸಿ, ಡಿ ಕಾಲು. ಮೇಲಿನವರು ಇಲ್ಲ. ಟ್ಯಾಂಕರಿನ ಪೈಪು ನೇರ ಮಿಕ್ಸರಿನ ಬಾಯಿಗೆ. ಹುಡುಗರಿಗೆ ನೀರು ಜಾಸ್ತಿ ಬೇಕು, ಕಾಂಕ್ರೀಟು ತೆಳ್ಳಗೆ ಹರಿದರೆ ಬಾಂಡ್ಲಿ ಎಳೆಯೋದು, ಕಡ್ಡಿ ಹಾಕಿ ಕುಟ್ಟೋದು ಸಲೀಸು. ಅವರ ಬೆನ್ನು ನೋವು ನನಗೂ ಅರ್ಥ ಆಗ್ತದೆ. ಆದರೆ ಆ ಹೆಚ್ಚಿನ ನೀರು ಒಣಗಿ ಹೋದ ಜಾಗದಲ್ಲೆಲ್ಲ ಕಣ್ಣಿಗೆ ಕಾಣದ ತೂತು ಉಳೀತದೆ, ಕಾಂಕ್ರೀಟಿನ ಶಕ್ತಿ ಅಷ್ಟಕ್ಕೆ ಕಡಿಮೆ. ಅದನ್ನ ಅಲ್ಲೇ ಹಿಡಿಯೋದಕ್ಕೆ ಸ್ಲಂಪ್ ಪರೀಕ್ಷೆ ಅಂತ ಒಂದಿದೆ. ಕಬ್ಬಿಣದ ಶಂಕು, 30 ಸೆಂಟಿಮೀಟರ್ ಎತ್ತರ. ಅದರಲ್ಲಿ ಕಾಂಕ್ರೀಟ್ ತುಂಬಿ ನಿಧಾನಕ್ಕೆ ಶಂಕು ಎತ್ತಿದರೆ ಗುಡ್ಡೆ ಎಷ್ಟು ಕುಸೀತದೆ ಅಂತ ಅಳೆಯೋದು. ಹದವಾದ ಕಾಂಕ್ರೀಟು ಸ್ವಲ್ಪ ಕುಸಿದು ಗುಡ್ಡೆಯಾಗೇ ನಿಲ್ತದೆ. ನೀರು ಜಾಸ್ತಿಯಾದ್ದು ಸಗಣಿ ಕದಡಿದ ಹಾಗೆ ತಟ್ಟೆ ಮೇಲೆಲ್ಲ ಹರಡಿಕೊಳ್ತದೆ. ಎರಡನೇ ದಿನ ಶಂಕು ಜೀಪಿನಿಂದ ಕೆಳಗೇ ಇಳಿಯಲಿಲ್ಲ. ರಿಪೋರ್ಟಿನಲ್ಲಿ ಮಾತ್ರ ನಾಲ್ಕೂ ಕಾಲಿಗೆ ಸ್ಲಂಪ್ 60 ಮಿಲಿಮೀಟರ್ ಅಂತ ಇದೆ.

ಆಮೇಲೆ ಕ್ಯೂಬು. 15 ಸೆಂಟಿಮೀಟರ್ ಚೌಕದ ಅಚ್ಚಿಗೆ ಅದೇ ಕಾಂಕ್ರೀಟ್ ತುಂಬಿ, ನೀರಲ್ಲಿ ಮುಳುಗಿಸಿಟ್ಟು, 7 ದಿನಕ್ಕೆ ಕೆಲವು, 28 ದಿನಕ್ಕೆ ಮೂರು, ಯಂತ್ರದಲ್ಲಿ ಒತ್ತಿ ಒಡೀತಾರೆ. ಎಂ-20 ಅಂದರೆ ಒಂದು ಚದರ ಮಿಲಿಮೀಟರಿಗೆ 20 ನ್ಯೂಟನ್. ಕ್ಯೂಬಿನ ಮುಖ 150ಕ್ಕೆ 150, ಅಂದರೆ 22,500 ಚದರ ಮಿಲಿಮೀಟರ್. ಗುಣಿಸಿದರೆ ನಾಲ್ಕೂವರೆ ಲಕ್ಷ ನ್ಯೂಟನ್, ಸುಮಾರು 46 ಟನ್ ಭಾರ ಹಾಕಿದ ಮೇಲೆ ಒಡೆಯಬೇಕು. ಮೂರು ನಾಲ್ಕು ತುಂಬಿದ ಲಾರಿ ಅಂದ್ಕೊಳ್ಳಿ, ಒಂದು ಸಣ್ಣ ಕಲ್ಲಿನ ಮೇಲೆ.

ನನ್ನ ರಿಪೋರ್ಟಿನ ಕ್ಯೂಬ್ ಹಾಳೆ ಓದಿದಾಗ ಎ ಕಾಲಿನ ಮೂರು ಕ್ಯೂಬು 24.1, 26.3, 25.0. ಇದು ನಂಬೋ ಹಾಗಿದೆ. ಒಂದೇ ತಾಯಿ ಮಕ್ಕಳೂ ಒಂದೇ ಎತ್ತರ ಬೆಳೆಯಲ್ಲ, ಒಂದೇ ಕಾಂಕ್ರೀಟಿನ ಕ್ಯೂಬೂ ಅಷ್ಟೇ, ಸರಾಸರಿಗಿಂತ ನೂರಕ್ಕೆ 15ರವರೆಗೆ ಆಚೀಚೆ ಆದರೂ ಒಪ್ತಾರೆ. ಸಿ ಕಾಲಿನ ಮೂರು ಕ್ಯೂಬು 26.4, 26.4, 26.4. ಅದಕ್ಕಿಂತ ಮಜಾ ತಾರೀಖು. ಕಾಂಕ್ರೀಟ್ ಹಾಕಿದ್ದು ಫೆಬ್ರವರಿ 12. 28 ದಿನದ ಪರೀಕ್ಷೆ ಮಾಡಿದ್ದು ಮಾರ್ಚ್ 5 ಅಂತ ಇದೆ. ಫೆಬ್ರವರಿಗೆ 28 ದಿನ, ಅಲ್ಲಿಗೆ 16, ಮಾರ್ಚಿನ 5 ಸೇರಿದರೆ 21. ಇಪ್ಪತ್ತೆಂಟನೇ ದಿನ ಬರೋದು ಮಾರ್ಚ್ 12ಕ್ಕೆ. ಹಾಳೆ ತುಂಬಿದವರು ಬೆರಳು ಮಡಚಿ ಲೆಕ್ಕ ಹಾಕೋದನ್ನೂ ಮರೆತಿದ್ದಾರೆ. ನಾನು ಆ ದಿನ ಸಿ ಕಾಲಿಗೆ ಒಂದು ಕ್ಯೂಬೂ ತುಂಬಿದ್ದನ್ನ ನೋಡಲಿಲ್ಲ. ನ್ಯಾಯವಾಗಿ ಹೇಳಬೇಕು, ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿದ್ದೆ, ಅರ್ಧ ಗಂಟೆ. ಆ ಅರ್ಧ ಗಂಟೇಲಿ ತುಂಬಿದ್ದರೆ ತುಂಬಿರಬಹುದು. ಮೂರೂ ಒಂದೇ ಅಂಕಿ ಬರೋದು ಮಾತ್ರ ನನ್ನ ತಲೆಗೆ ಹೋಗಲ್ಲ.

ಒಂದು ವಿಷಯ ಗಮನದಲ್ಲಿರಲಿ. ಕ್ಯೂಬು ಪಾಸಾದರೂ ಹೊಲದಲ್ಲಿರೋ ಪಾಯ ಪಾಸಾಯಿತು ಅಂತ ಅಲ್ಲ. ಕ್ಯೂಬು ತೊಟ್ಟಿ ನೀರಲ್ಲಿ ತಣ್ಣಗೆ ಮಲಗಿರ್ತದೆ, ಪಾಯ ನಮ್ಮ ಬಿಸಿಲಲ್ಲಿ ಒಣಗ್ತಿರ್ತದೆ. ಈಗ ಬರೋ ಪಿಪಿಸಿ ಸಿಮೆಂಟಿಗೆ ಬಿಸಿಲುಗಾಲದಲ್ಲಿ ಹದಿನಾಲ್ಕು ದಿನ ಒದ್ದೆ ಇಡಬೇಕು. ಟ್ಯಾಂಕರು ಬಂದಿದ್ದು ಮೂರೇ ದಿನ. ಮಿಕ್ಕ ದಿನ ನಾನೇ ಬೋರಿನಿಂದ ಪೈಪ್ ಎಳೆದು ಗೋಣಿಚೀಲ ನೆನೆಸಿದೆ. ಪಕ್ಕದವರು ನಕ್ಕರು, "ಟವರಿಗೂ ನೀರು ಬಿಡ್ತೀಯೇನಪ್ಪ, ಇಳುವರಿ ಎಷ್ಟು ಬರ್ತದೆ" ಅಂತ.

ಕೊನೇದು ಸ್ಟಬ್ಬು. ನನಗೆ ನಿದ್ದೆ ಕೆಡಿಸಿರೋದು ಇದೇ. ಸ್ಟಬ್ ಅಂದರೆ ಕಾಂಕ್ರೀಟಿನೊಳಗೆ ಹೂತು ಮೇಲೆ ಸ್ವಲ್ಪ ಕಾಣೋ ದಪ್ಪ ಕಬ್ಬಿಣದ ಆಂಗಲ್ಲು. ಟವರಿನ ಕಾಲು ಇದಕ್ಕೇ ಬೋಲ್ಟ್ ಆಗೋದು. ನಾಲ್ಕು ಸ್ಟಬ್ಬೂ ಸರಿಯಾದ ದೂರದಲ್ಲಿ, ಒಂದೇ ಮಟ್ಟದಲ್ಲಿ, ಟವರಿನ ನಡುಮಧ್ಯಕ್ಕೆ ಸರಿಯಾದ ಓರೆಯಲ್ಲಿ ಇರಬೇಕು. ಅದಕ್ಕೆ ಟೆಂಪ್ಲೇಟ್ ಅಂತ ಒಂದು ಕಬ್ಬಿಣದ ಚೌಕಟ್ಟು, ನಾಲ್ಕೂ ಸ್ಟಬ್ಬನ್ನ ಅದಕ್ಕೆ ಬೋಲ್ಟ್ ಮಾಡಿ ಹಿಡಿದಿಟ್ಟು ಕಾಂಕ್ರೀಟ್ ಹಾಕ್ತಾರೆ.

ಚೌಕ ಸರಿ ಇದೆಯಾ ಅಂತ ನೋಡೋದು ಗಾರೆ ಕೆಲಸದವರಿಗೆಲ್ಲ ಗೊತ್ತಿರೋ ವಿದ್ಯೆ, ಮೂಲೆಯಿಂದ ಮೂಲೆಗೆ ಅಳೆಯೋದು. ನಮ್ಮ ಟವರಿಗೆ ಸ್ಟಬ್ಬಿನಿಂದ ಸ್ಟಬ್ಬಿಗೆ 6 ಮೀಟರ್. ಹಂಗಾದರೆ ಎದುರು ಮೂಲೆ 8.485 ಮೀಟರ್ ಬರಬೇಕು, ಎರಡು ಕಡೆಯದ್ದೂ ಒಂದೇ ಬರಬೇಕು. ಬದಿ ನಾಲ್ಕೂ 6 ಮೀಟರ್ ಇದ್ದು ಮೂಲೆ ಅಳತೆ ಬೇರೆ ಬೇರೆ ಬಂದರೆ ಚೌಕ ವಾರೆಯಾಗಿದೆ ಅಂತ, ಹಳೇ ಬಾಗಿಲು ಚೌಕಟ್ಟು ವಾಲಿದ ಹಾಗೆ. ಕೆಲವೇ ಮಿಲಿಮೀಟರ್ ಹೆಚ್ಚುಕಮ್ಮಿಗೆ ಮಾತ್ರ ಅವಕಾಶ, ಎಷ್ಟು ಅಂತ ಆ ಟವರಿನ ಡ್ರಾಯಿಂಗಿನಲ್ಲೇ ಬರೆದಿರ್ತದೆ. ಕೇಳಿ ನೋಡಿಕೊಳ್ಳಿ. ಮಟ್ಟಕ್ಕೆ ಲೆವೆಲ್ ಯಂತ್ರ, ಓರೆಗೆ ತೂಕದ ಗುಂಡು. ಸ್ಟಬ್ಬಿನ ತಲೆಯಿಂದ ಗುಂಡು ಬಿಟ್ಟರೆ ಬುಡದಲ್ಲಿ ಎಷ್ಟು ದೂರ ಬರಬೇಕು ಅಂತಲೂ ಡ್ರಾಯಿಂಗಿನಲ್ಲಿದೆ, ಎರಡೂ ಮುಖಕ್ಕೆ ಅದು ಸಮ ಇರಬೇಕು.

ಕಾಂಕ್ರೀಟ್ ಹಾಕೋ ಮುಂಚೆ ಅಳೆದಾಗ ನಾನೂ ಟೇಪಿನ ಒಂದು ತುದಿ ಹಿಡಿದಿದ್ದೆ. ಒಂದು ಮೂಲೆ 8.485, ಇನ್ನೊಂದು 8.486. ಬಹಳ ಚೆನ್ನಾಗಿತ್ತು. ರಿಪೋರ್ಟಿನಲ್ಲೂ ಅದೇ ಅಂಕಿ ಇದೆ. ತೊಂದರೆ ಏನಂದರೆ ರಿಪೋರ್ಟಿನಲ್ಲಿ "ಕಾಂಕ್ರೀಟ್ ಹಾಕಿದ ಮೇಲೆ" ಅನ್ನೋ ಕಾಲಂನಲ್ಲೂ ಅವೇ ಅಂಕಿ ಇವೆ. ಎರಡನೇ ದಿನ ಸಿ ಕಾಲಿಗೆ ಹಾಕುವಾಗ ಇಬ್ಬರು ಹುಡುಗರು ಟೆಂಪ್ಲೇಟ್ ಮೇಲೇ ನಿಂತು ಬಾಂಡ್ಲಿ ಸುರಿದರು, ವೈಬ್ರೇಟರಿನ ಕೊಳವೆ ಸ್ಟಬ್ಬಿಗೇ ಒರಗಿಸಿದ್ದರು. ಕಾಂಕ್ರೀಟು ಹಸಿ ಇರುವಾಗ ಚೌಕಟ್ಟು ಸ್ವಲ್ಪ ಜರುಗಿದರೂ ಸ್ಟಬ್ಬು ಜೊತೇಲಿ ಜರುಗ್ತದೆ, ಗಟ್ಟಿಯಾದ ಮೇಲೆ ಅಲ್ಲೇ ನಿಂತುಬಿಡ್ತದೆ. ಅವತ್ತು ಸಂಜೆ ಮತ್ತೆ ಅಳೆದಿದ್ದರೆ ಹಸಿ ಇರುವಾಗಲೇ ಸರಿ ಮಾಡಬಹುದಿತ್ತು. ಯಾರೂ ಅಳೆಯಲಿಲ್ಲ. ನಾನೂ ಅಳೆಯಲಿಲ್ಲ, ಬೆಳಗ್ಗೆ ಸರಿ ಇತ್ತಲ್ಲ ಅಂದ್ಕೊಂಡು ಸುಮ್ಮನಾದೆ. ಅದು ನನ್ನ ತಪ್ಪು.

ಗೊತ್ತಾಗಿದ್ದು ಏಪ್ರಿಲ್‌ನಲ್ಲಿ ಟವರ್ ಕಟ್ಟೋ ಗ್ಯಾಂಗು ಬಂದಾಗ. ಎ, ಬಿ ಕಡೆ ಕೆಳಗಿನ ಅಡ್ಡಪಟ್ಟಿಗಳು ಕೈಯಲ್ಲೇ ಕೂತವು. ಸಿ ಕಾಲಿಗೆ ಬಂದಾಗ ತೂತಿಗೆ ತೂತು ಸೇರಲಿಲ್ಲ. ಚೂಪು ಕಡ್ಡಿ ತೂರಿಸಿ, ಸುತ್ತಿಗೆ ಬಡಿದು, ಎಳೆದು ಬೋಲ್ಟ್ ಕೂರಿಸಿದರು. ಒಂದು ಅಡ್ಡಪಟ್ಟಿ ಕಣ್ಣಿಗೆ ಕಾಣೋ ಹಾಗೆ ಬಿಲ್ಲಿನಂತೆ ಬಾಗಿತು. ಸಣ್ಣ ವಿಷಯ ಅನ್ನಿಸಬಹುದು. ಆದರೆ ಆ ಪಟ್ಟಿ ನೆಟ್ಟಗಿದ್ದರೆ ಮಾತ್ರ ಅದಕ್ಕೆ ಲೆಕ್ಕ ಹಾಕಿದ ಶಕ್ತಿ ಇರ್ತದೆ. ಗಾಳಿ ಬರೋ ಮುಂಚೆಯೇ ಅದು ಬಗ್ಗಿ ನಿಂತಿದೆ. ನಿಮ್ಮ ಹೊಲದ ಟವರಿನಲ್ಲಿ ಕೆಳಗಿನ ಒಂದು ಅಂತಸ್ತಿನ ಪಟ್ಟಿಗಳನ್ನ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ಬಾಗಿದ್ದು ಸಿಕ್ಕರೆ ಸ್ಟಬ್ಬಿನ ಮೇಲೆ ಅನುಮಾನ ಪಡಿ. ಬೋಲ್ಟಿನ ತೂತು ಉದ್ದಕ್ಕೆ ಎಳೆದಂತಿದ್ದರೂ ಅಷ್ಟೇ.

ಅವತ್ತು ರಾತ್ರಿ ನನ್ನ ಮಗನನ್ನ ಕರೆದುಕೊಂಡು ಹೋಗಿ ಟಾರ್ಚ್ ಬೆಳಕಲ್ಲಿ ಮೂಲೆ ಅಳೆದೆ. ಒಂದು 8.487. ಸಿ ಕಾಲು ಸೇರೋ ಮೂಲೆ 8.507. 20 ಮಿಲಿಮೀಟರ್ ವ್ಯತ್ಯಾಸ, ಒಂದು ಬೆರಳು ದಪ್ಪದ ಹತ್ತಿರ ಹತ್ತಿರ. ಮಾರನೇ ದಿನವೇ ಬರೆದು ಕೊಟ್ಟೆ. ಅದೇ ವಾರ ಆರ್‌ಟಿಐ ಹಾಕಿದೆ, ಹತ್ತು ರೂಪಾಯಿ, ಆ ಟವರಿನ ಪಾಯದ ತಪಾಸಣೆ ರಿಪೋರ್ಟು ಪೂರ್ತಿ ಬೇಕು ಅಂತ. ಸರ್ಕಾರಿ ಸಂಸ್ಥೆಯ ಲೈನಾದರೆ 30 ದಿನದೊಳಗೆ ಉತ್ತರ ಕೊಡಬೇಕು. ಬಹಳ ಜನಕ್ಕೆ ಗೊತ್ತಿಲ್ಲ, ಆ ಕಾಯ್ದೆಯ 2ನೇ ಕಲಮಿನಲ್ಲೇ ಕಾಗದದ ಜೊತೆಗೆ ಕೆಲಸವನ್ನೇ ಪರಿಶೀಲಿಸೋ ಹಕ್ಕು, ಸಾಮಗ್ರಿಯ ಮಾದರಿ ಪಡೆಯೋ ಹಕ್ಕೂ ಇದೆ. ಖಾಸಗಿ ಕಂಪನಿ ಲೈನಿಗೆ ಅದು ನೇರವಾಗಿ ನಡೆಯಲ್ಲ, ಅಲ್ಲಿ ಗುಂಡಿ ಅಗೆಯೋ ಮುಂಚೆಯೇ ಬರೆದು ಕೇಳಿಟ್ಟುಕೊಳ್ಳಬೇಕು.

ಕೆಲವರು ನನಗೆ ಹೇಳಿದರು, "ಇದೆಲ್ಲ ಎಂಜಿನಿಯರ ಕೆಲಸ, ರೈತ ಮೂಗು ತೂರಿಸಿದರೆ ಕೆಲಸ ನಿಲ್ತದೆ, ಪರಿಹಾರವೂ ತಡ ಆಗ್ತದೆ" ಅಂತ. ಡ್ರಾಯಿಂಗ್ ಮಾಡೋದು ಎಂಜಿನಿಯರ ಕೆಲಸ, ಒಪ್ಪಿದೆ. ನಾನು ಎಸ್ಸೆಸ್ಸೆಲ್ಸಿ, ಅದರಲ್ಲಿ ಕೈ ಹಾಕಲ್ಲ. ಆದರೆ ಟೇಪಿನ ತುದಿ ಗುಡ್ಡೆ ಮೇಲಿದೆಯೋ ನೆಲದ ಮೇಲಿದೆಯೋ, ನೀರು ಎರಡು ಬಕೆಟ್ಟೋ ನಾಲ್ಕೋ, ಫೆಬ್ರವರಿ 12ರಿಂದ ಮಾರ್ಚ್ 5ಕ್ಕೆ ಎಷ್ಟು ದಿನ, ಇದಕ್ಕೆ ಯಾವ ಡಿಗ್ರಿ ಬೇಕು? ಎರೆ ಮಣ್ಣು ಯಾವುದು ಅಂತ ಹೇಳೋದಕ್ಕೆ ಐವತ್ತು ವರ್ಷ ಅದರಲ್ಲೇ ಕಾಲು ಹೂತುಕೊಂಡವನಿಗಿಂತ ಬೇರೆ ಯಾರು ಬೇಕು? ಸೈಟಿನ ಹುಡುಗ ಎಂಜಿನಿಯರ್ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬನೇ ಐದು ಟವರ್ ನೋಡ್ಕೋಬೇಕು, ಸಂಜೆ ಲಾಡ್ಜಿನಲ್ಲಿ ಕೂತು ಹಾಳೆ ತುಂಬಬೇಕು. ಅಂಥ ಹಾಳೆಯಲ್ಲಿ ಅಂಕಿ ಎಲ್ಲ ಒಂದೇ ಥರ ಬರೋದು ಸಹಜ. ಹೊಲದವನ ಸಹಿ ಬೇಕೇಬೇಕು ಅಂತ ಆದರೆ ಅವನೂ ಗುಂಡಿ ಹತ್ತಿರವೇ ಬರೀತಾನೆ. ಕ್ಯೂಬಿನ ಮೇಲೆ ಹಸಿ ಇರುವಾಗಲೇ ಮೊಳೆಯಲ್ಲಿ ಕಾಲಿನ ಅಕ್ಷರ, ತಾರೀಖು ಗೀಚಿ ಫೋಟೋ ಹೊಡೆದರೆ ಆಮೇಲೆ ಜಗಳವೇ ಇಲ್ಲ. ಅದಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ.

ಈಗ ನನ್ನ ಟವರಿನ ಸ್ಥಿತಿ ಕೇಳ್ತೀರಿ. ನನ್ನ ಕಾಗದದ ಮೇಲೆ ದೊಡ್ಡ ಎಂಜಿನಿಯರ್ ಯಂತ್ರ ತಂದು ಅಳೆದರು, ವ್ಯತ್ಯಾಸ ಇರೋದನ್ನ ಒಪ್ಪಿದರು. ಸಿ ಕಾಲಿನ ಚಿಮಣಿಗೆ ಸುತ್ತಿಗೆ ಥರದ ಒಂದು ಉಪಕರಣ ಒತ್ತಿ ಒತ್ತಿ ನೋಡಿದರು. ಅದು ಮೇಲ್ಮೈ ಗಟ್ಟಿತನ ಮಾತ್ರ ಹೇಳ್ತದಂತೆ, ಒಳಗಿನದ್ದಕ್ಕೆ ಕೊರೆದು ತುಂಡು ತೆಗೆಯಬೇಕು. ಸಿ ಕಾಲನ್ನ ಒಡೆದು ಮತ್ತೆ ಹಾಕಬೇಕೋ, ಅಥವಾ ಅಡ್ಡಪಟ್ಟಿ ಬದಲಾಯಿಸಿದರೆ ಸಾಕೋ ಅಂತ ಡ್ರಾಯಿಂಗ್ ಮಾಡಿದ ಕಚೇರಿಗೆ ಬರೆದಿದ್ದಾರೆ. ಉತ್ತರ ಬರೋವರೆಗೆ ಟವರು ಕೆಳಗಿನ ಎರಡು ಅಂತಸ್ತಿಗೇ ನಿಂತಿದೆ, ತಂತಿ ಎಳೆದಿಲ್ಲ. ನನ್ನ ಕಡಲೆ ಹೊಲದ ನಡುವೆ ಮೊಂಡು ಟವರು. ಇಬ್ಬರು ಬಂದು "ನಿನ್ನಿಂದ ಲೈನು ನಿಂತಿತು" ಅಂತ ಬೈದು ಹೋದರು, ಒಬ್ಬರು ಬೆನ್ನು ತಟ್ಟಿದರು.

ಕೆಳಗಿನ ಹಳ್ಳಿಯವರು ಗುಂಡಿ ಅಗೆಯೋ ದಿನ ಹಿಂದಿನ ಸಂಜೆ ನನಗೆ ಒಂದು ಫೋನ್ ಮಾಡಿ. 30 ಮೀಟರ್ ಟೇಪು, ದಾರ, ತೂಕದ ಗುಂಡು, ಎರಡು 15 ಲೀಟರ್ ಬಕೆಟ್ಟು ನನ್ನ ಹತ್ತಿರ ಇವೆ, ತರ್ತೀನಿ. ಮೇಷ್ಟ್ರ ಜಾಡಿಯನ್ನ ವಾಪಸ್ಸು ಕೊಟ್ಟಿಲ್ಲ ಇನ್ನೂ. ಸೀಮೆಎಣ್ಣೆ ಮಾತ್ರ ಯಾರ ಹತ್ತಿರವಾದರೂ ಒಂದು ಬಾಟಲಿ ಇದ್ದರೆ ಹೇಳಿ.